ಗೇಟಿಗೆ ಬೋರ್ಡು ಬೀಳುವ ಮುನ್ನ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಓಡಾಡಿದವರು ಕಾರ್ಖಾನೆಗಳ ಗೇಟಿನ ಮೇಲೆ ‘ಬೇಕಾಗಿದ್ದಾರೆ’ ಎಂಬ ಬೋರ್ಡುಗಳನ್ನು ನೋಡಿರುತ್ತೀರಿ. ಸಿಎನ್‌ಸಿ ಆಪರೇಟರ್, ಫಿಟ್ಟರ್, ಹೆಲ್ಪರ್. ಆದರೆ ಆ ಬೋರ್ಡು ಬೀಳುವ ಎಷ್ಟೋ ಮೊದಲೇ ಮಾಲೀಕರ ತಲೆಯಲ್ಲಿ ಲೆಕ್ಕ ಶುರುವಾಗಿರುತ್ತದೆ. ಹೊಸ ಮೆಷಿನ್ನಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಅದು ಬಂದಮೇಲೆ ರಾತ್ರಿ ಪಾಳಿ ನಡೆಸಬೇಕು, ಇರುವ ಒಬ್ಬ ಇನ್‌ಸ್ಪೆಕ್ಟರ್ ಸಾಲುವುದಿಲ್ಲ. ಮೊದಲು ಪರಿಚಯದವರಲ್ಲಿ ಕೇಳುತ್ತಾರೆ. ಅಲ್ಲಿ ಯಾರೂ ಸಿಗದಿದ್ದರೆ ಬೋರ್ಡು, ಜಾಹೀರಾತು. ಕೆಲಸ ಖಾಲಿ ಇದೆಯೆಂದು ಯಾರೂ ಹೇಳದಿದ್ದಾಗ ಬರೆಯುವ ಪತ್ರ ತಲುಪಬೇಕಾದದ್ದು ಈ ನಡುವಿನ ದಿನಗಳಲ್ಲಿ.

ಹೀಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ‘ಮಾನ್ಯರೇ, ನಾನು ಪರಿಶ್ರಮಿ, ಯಾವ ಕೆಲಸವಾದರೂ ಮಾಡುತ್ತೇನೆ, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಒಂದು ಅವಕಾಶ ಕೊಡಿ.’ ಜಾಹೀರಾತಿಗೆ ಉತ್ತರವಾಗಿ ಬಂದ ಅರ್ಜಿಯಾದರೆ ಓದುವವರಿಗೆ ಅದನ್ನು ಯಾವ ಕೆಲಸದ ಜೊತೆ ಹೋಲಿಸಬೇಕೆಂದು ಗೊತ್ತಿರುತ್ತದೆ. ಇಲ್ಲಿ ಹುದ್ದೆಯೇ ಇಲ್ಲ. ‘ಯಾವ ಕೆಲಸವಾದರೂ’ ಎಂದು ಬರೆದರೆ, ಇವರಿಗೆ ಯಾವ ಕೆಲಸ ಹೊಂದೀತು ಎಂದು ಹುಡುಕುವ ಹೊರೆ ಓದುವವರ ಮೇಲೆ ಬೀಳುತ್ತದೆ. ಅಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ. ಆದ್ದರಿಂದ ಕಂಪನಿಯ ಅಗತ್ಯವನ್ನು ಊಹಿಸುವ ಕೆಲಸ ಬರೆಯುವವರದೇ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ತುಮಕೂರಿನ ಒಬ್ಬ ಯುವತಿ, ಮೆಕ್ಯಾನಿಕಲ್ ಡಿಪ್ಲೊಮಾ, ಸಣ್ಣ ಟರ್ನಿಂಗ್ ಶಾಪೊಂದರ ಕ್ವಾಲಿಟಿ ವಿಭಾಗದಲ್ಲಿ ಒಂದು ವರ್ಷದ ಅನುಭವ. ಪೀಣ್ಯದಲ್ಲಿ ಹೈಡ್ರಾಲಿಕ್ ವಾಲ್ವಿನ ಭಾಗಗಳನ್ನು ತಯಾರಿಸುವ, ಅರವತ್ತು ಜನರಿರುವ ಕಂಪನಿಯ ಮೇಲೆ ಆಕೆಯ ಕಣ್ಣು. ಮೊದಲು ಅವರ ಜಾಲತಾಣದಲ್ಲಿ ಮೆಷಿನ್‌ಗಳ ಪಟ್ಟಿ ನೋಡುತ್ತಾಳೆ. ಎರಡು ವಿಎಂಸಿ ಹೊಸದಾಗಿ ಸೇರಿವೆ. ಮೆಷಿನ್ ಹೆಚ್ಚಾದರೆ ಪ್ರತಿ ಸೆಟ್ಟಿಂಗ್‌ನ ಮೊದಲ ಪೀಸ್ ಅಳೆದು ಒಪ್ಪಿಗೆ ಕೊಡುವ ಕೆಲಸವೂ ಹೆಚ್ಚುತ್ತದೆ. ವಾಲ್ವಿನಲ್ಲಿ ಸ್ಪೂಲಿಗೂ ಬೋರಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್, ಹಾಗಾಗಿ ಅಲ್ಲಿ ಅಳತೆ ಗೊತ್ತಿರುವವರಿಗೆ ಬೆಲೆ ಇದೆ. ಇಷ್ಟು ತಿಳಿದಮೇಲೆ ಆಕೆ ಕೇಳಬೇಕಾದ ಕೆಲಸ ಯಾವುದೆಂಬುದು ಸ್ಪಷ್ಟ.

ಯಾರಿಗೆ ಬರೆಯಬೇಕು? ಇಷ್ಟು ಸಣ್ಣ ಕಂಪನಿಯಲ್ಲಿ ಎಚ್‌ಆರ್ ಎಂದರೆ ಸಾಮಾನ್ಯವಾಗಿ ಹಾಜರಿ, ಪಿಎಫ್, ಇಎಸ್‌ಐ ನೋಡಿಕೊಳ್ಳುವ ಒಬ್ಬರು. ಯಾರು ಬೇಕೆಂದು ನಿರ್ಧರಿಸುವವರು ಕ್ವಾಲಿಟಿ ಮುಖ್ಯಸ್ಥರು, ವರ್ಕ್ಸ್ ಮ್ಯಾನೇಜರ್ ಅಥವಾ ಖುದ್ದು ಮಾಲೀಕರು. ಆಫೀಸಿಗೆ ಫೋನ್ ಮಾಡಿ, ‘ಕ್ವಾಲಿಟಿ ನೋಡಿಕೊಳ್ಳುವವರ ಹೆಸರೇನು ಸಾರ್, ಒಂದು ಪತ್ರ ಕಳಿಸಬೇಕಿತ್ತು’ ಎಂದು ಕೇಳಿದರೆ ಬಹಳಷ್ಟು ಸಲ ಹೇಳುತ್ತಾರೆ. ತುಮಕೂರು ರಸ್ತೆಯ ಬಿಐಇಸಿಯಲ್ಲಿ ನಡೆಯುವ ಇಮ್‌ಟೆಕ್ಸ್‌ನಂಥ ಯಂತ್ರೋಪಕರಣ ಮೇಳದಲ್ಲಿ ಸಿಕ್ಕ ವಿಸಿಟಿಂಗ್ ಕಾರ್ಡ್ ಇದಕ್ಕಿಂತಲೂ ಒಳ್ಳೆಯ ದಾರಿ.

ಈಗ ಪತ್ರ. ಇಮೇಲಿನ ವಿಷಯದ ಸಾಲಿನಲ್ಲಿ ‘ಕೆಲಸಕ್ಕಾಗಿ ಅರ್ಜಿ’ ಎಂದು ಬರೆಯದೆ ‘ಕ್ವಾಲಿಟಿ ಇನ್‌ಸ್ಪೆಕ್ಷನ್, ಬೋರ್ ಅಳತೆಯಲ್ಲಿ 1 ವರ್ಷ ಅನುಭವ’ ಎಂದು ಬರೆಯಲಿ. ಒಳಗೆ ಹೀಗೆ:

‘ನಿಮ್ಮಲ್ಲಿ ಹೊಸದಾಗಿ ಎರಡು ವಿಎಂಸಿ ಬಂದಿರುವುದನ್ನು ಜಾಲತಾಣದಲ್ಲಿ ನೋಡಿ ಬರೆಯುತ್ತಿದ್ದೇನೆ. ನಾನು ಒಂದು ವರ್ಷದಿಂದ ಟರ್ನಿಂಗ್ ಭಾಗಗಳ ತಪಾಸಣೆ ಮಾಡುತ್ತಿದ್ದೇನೆ. 25 ಎಂಎಂ ಬೋರಿನ ಒಂದು ಬುಷ್‌ಗೆ 21 ಮೈಕ್ರಾನ್ ಟಾಲರೆನ್ಸ್ ಇತ್ತು. ಗಂಟೆಗೊಮ್ಮೆ ಬೋರ್ ಗೇಜಿನಲ್ಲಿ ಅಳೆದು ಬರೆದಿಡುತ್ತಿದ್ದೆ. ಇನ್ಸರ್ಟ್ ಸವೆದಂತೆ ಬೋರ್ ಕಿರಿದಾಗುತ್ತಿರುವುದು ಆ ಅಂಕಿಗಳಲ್ಲಿ ಕಂಡಿತು. ಮಿತಿ ದಾಟುವ ಮೊದಲೇ ಆಪರೇಟರಿಗೆ ಹೇಳಿ ಆಫ್‌ಸೆಟ್ ಸರಿಮಾಡಿಸಿದೆ. ನಿಮ್ಮಲ್ಲಿ ಈಗ ಜಾಗ ಇಲ್ಲದಿರಬಹುದು. ಮುಂದೆ ಇಂಥ ಕೆಲಸಕ್ಕೆ ಜನ ಬೇಕಾಗಬಹುದೇ ಎಂದು ತಿಳಿಯಲು ಮುಂದಿನ ಬುಧವಾರ ಅಥವಾ ಗುರುವಾರ 4 ಗಂಟೆಯ ನಂತರ ಹತ್ತು ನಿಮಿಷ ಬಂದು ಕಾಣಬಹುದೇ?’

ಇದರಲ್ಲಿ ಪ್ರಾಮಾಣಿಕ, ಶ್ರಮಜೀವಿ ಎಂಬ ಮಾತುಗಳಿಲ್ಲ. ಬೋರ್ ಕಿರಿದಾದ ಪ್ರಸಂಗವೊಂದೇ ಆಕೆ ಅಳೆಯಬಲ್ಲಳು, ಬರೆದಿಡಬಲ್ಲಳು, ಕಾರಣ ಅರಿಯಬಲ್ಲಳು ಎಂಬುದನ್ನು ಕೆಲಸ ಬಲ್ಲವರಿಗೆ ತಿಳಿಸುತ್ತದೆ. ಕೊನೆಯಲ್ಲಿ ಕೇಳಿರುವುದೂ ನೌಕರಿಯನ್ನಲ್ಲ, ಹತ್ತು ನಿಮಿಷವನ್ನು. ಹುದ್ದೆ ಇಲ್ಲದವರು ನೌಕರಿಗೆ ‘ಇಲ್ಲ’ ಎನ್ನಲೇಬೇಕಾಗುತ್ತದೆ. ಹತ್ತು ನಿಮಿಷಕ್ಕೆ ಹಾಗೆನ್ನಬೇಕಾಗಿಲ್ಲ. ರೆಸ್ಯೂಮ್ ಒಂದೇ ಪುಟ ಇರಲಿ, ಫೈಲಿಗೆ ತನ್ನ ಹೆಸರು ಇರಲಿ. ಹಳೆಯ ಕಂಪನಿಯ ಡ್ರಾಯಿಂಗನ್ನು ಮಾತ್ರ ಸಾಕ್ಷಿಯೆಂದು ಲಗತ್ತಿಸಬಾರದು. ಇವತ್ತು ಅವರದನ್ನು ಹೊರಗೆ ಕೊಟ್ಟವರು ನಾಳೆ ನಮ್ಮದನ್ನೂ ಕೊಟ್ಟಾರು ಎಂದು ಓದುವವರಿಗೆ ಅನಿಸುತ್ತದೆ.

ಆಗಷ್ಟೇ ಪಾಸಾದವರ ಬಳಿ ಹೇಳಲು ಇಂಥ ಅನುಭವ ಇರುವುದಿಲ್ಲ. ಅವರು ಅಪ್ರೆಂಟಿಸ್ ಆಗಿ ಬರಬಹುದೇ ಎಂದು ಕೇಳುವುದು ಒಳ್ಳೆಯದು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅರವತ್ತು ಜನರ ಕಂಪನಿಗೆ ಅದು ಸುಮಾರು ಇಬ್ಬರಿಂದ ಒಂಬತ್ತು ಜನ. ನ್ಯಾಟ್ಸ್ ಯೋಜನೆಯಲ್ಲಿ ಡಿಪ್ಲೊಮಾ, ಪದವಿ ಮುಗಿಸಿದವರಿಗೆ ಕೊಡುವ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಹುದ್ದೆ ಖಾಲಿ ಇಲ್ಲದ ಕಡೆಯೂ ಈ ಜಾಗ ಇರುವುದುಂಟು.

ಕಳಿಸುವ ದಿನವನ್ನೂ ನೋಡಿಕೊಳ್ಳಬೇಕು. ತಿಂಗಳ ಕೊನೆಯ ವಾರ ಡಿಸ್ಪ್ಯಾಚ್ ಒತ್ತಡ, ಆಗ ಯಾರೂ ಪತ್ರ ಓದುವುದಿಲ್ಲ. ಎರಡನೆಯ ವಾರ ವಾಸಿ. ಹತ್ತು ದಿನ ಕಾದು ಒಂದೇ ಸಲ ನೆನಪಿಸಬೇಕು. ಆಮೇಲೆ ಬರೆಯುವುದಾದರೆ ಮೂರು ತಿಂಗಳ ನಂತರ, ಅದೂ ಸಿಎಂಎಂ ಕಲಿತೆ ಎಂಬಂಥ ಹೊಸ ಸಂಗತಿ ಇದ್ದಾಗ. ಉತ್ತರ ಬಂದರೆ ಅದನ್ನು ಓದುವುದಕ್ಕೂ ಒಂದು ಕ್ರಮವಿದೆ. ‘ರೆಸ್ಯೂಮ್ ಇಟ್ಟುಕೊಂಡಿದ್ದೇವೆ’ ಎಂಬುದು ಸೌಜನ್ಯ. ‘ಎಲ್ಲಿ ಉಳಿದುಕೊಳ್ಳುತ್ತೀರಿ, ಈಗಿನ ಕೆಲಸ ಬಿಡಲು ಎಷ್ಟು ದಿನ ಬೇಕು, ಶಿಫ್ಟ್ ಆಗುತ್ತದೆಯೇ’ ಎಂದು ಕೇಳಿದರೆ ಒಳಗೆ ಅಗತ್ಯವಿದೆ ಎಂದೇ ಅರ್ಥ. ನೋಂದಣಿಗೆ, ಠೇವಣಿಗೆ ಹಣ ಕೇಳಿದರೆ ಅದು ಮೋಸ, ಅಲ್ಲಿಗೇ ನಿಲ್ಲಿಸಬೇಕು.

ಈ ಪತ್ರ ಎಲ್ಲ ಕಡೆಯೂ ನಡೆಯುವುದಿಲ್ಲ. ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳು ಅಧಿಸೂಚನೆ ಹೊರಡಿಸಿಯೇ ನೇಮಿಸಿಕೊಳ್ಳಬೇಕು. ದೊಡ್ಡ ಖಾಸಗಿ ಕಂಪನಿಗಳು ಬಹುಪಾಲು ತಮ್ಮ ಪೋರ್ಟಲಿನತ್ತ ಕೈತೋರಿಸುತ್ತವೆ. ನಿರ್ಧಾರ ಮಾಡುವವರೇ ಪತ್ರ ಓದುವ ಸಣ್ಣ, ಮಧ್ಯಮ ಕಾರ್ಖಾನೆಗಳು ಇದಕ್ಕೆ ತಕ್ಕ ಜಾಗ. ಅಲ್ಲಿಯೂ ಹೆಚ್ಚಿನ ಪತ್ರಗಳಿಗೆ ಉತ್ತರ ಬರುವುದಿಲ್ಲ. ಹಾಗೆಂದು ಒಂದೇ ಪತ್ರವನ್ನು ನೂರು ವಿಳಾಸಗಳಿಗೆ ಒಟ್ಟಿಗೆ ಕಳಿಸಿದರೆ ಅದು ಮತ್ತೆ ‘ಯಾವ ಕೆಲಸವಾದರೂ’ ಎಂಬ ಪತ್ರವೇ ಆಗುತ್ತದೆ. ವಾರಕ್ಕೆ ನಾಲ್ಕು ಕಂಪನಿ ಸಾಕು. ಒಂದೊಂದರ ಮೆಷಿನ್ ಪಟ್ಟಿ ನೋಡಿ, ಫೋನ್ ಮಾಡಿ ಹೆಸರು ತಿಳಿದುಕೊಂಡು, ಅವರ ಕೆಲಸಕ್ಕೆ ಹೊಂದುವ ತನ್ನ ಒಂದು ಪ್ರಸಂಗವನ್ನು ಆರಿಸಿ ಬರೆಯುವುದಕ್ಕೆ ಅಷ್ಟು ಸಮಯ ಬೇಕೇ ಬೇಕು.