ಐದು ಜನರ ಟಿಕೆಟ್, ಒಬ್ಬೊಬ್ಬರದೂ ಬೇರೆ ಲೆಕ್ಕ

ಮನೆಮಂದಿಯೆಲ್ಲ ರೈಲಿನಲ್ಲಿ ಹೊರಟಾಗ ಟಿಕೆಟ್ ಮಾತ್ರ ಒಂದೇ ಬರುತ್ತದೆ. ಒಂದು ಪಿಎನ್‌ಆರ್, ಕೆಳಗೆ ಒಂದು ಒಟ್ಟು ಮೊತ್ತ. ಆ ಮೊತ್ತ ಹೇಗೆ ಬಂತೆಂದು ಯಾರೂ ಅಷ್ಟಾಗಿ ನೋಡುವುದಿಲ್ಲ. ಪ್ರಯಾಣ ರದ್ದಾಗಿ, ಖಾತೆಗೆ ಮರಳಿದ ಹಣ ನಿರೀಕ್ಷೆಗಿಂತ ಕಡಿಮೆ ಇದ್ದಾಗಲೇ ಪ್ರಶ್ನೆ ಏಳುವುದು. ಉತ್ತರ ತಿಳಿಯಲು ಆ ಮೊತ್ತವನ್ನು ತಲೆಗೊಂದರಂತೆ ಬಿಡಿಸಬೇಕು. ರೈಲ್ವೆ ದರ ಕಟ್ಟುವುದೂ ಒಬ್ಬೊಬ್ಬರಿಗೆ, ರದ್ದತಿಗೆ ಮುರಿದುಕೊಳ್ಳುವುದೂ ಒಬ್ಬೊಬ್ಬರಿಂದ.

ಲೆಕ್ಕಕ್ಕೆ ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ಗಂಡ, ಹೆಂಡತಿ, 9 ವರ್ಷದ ಮಗಳು, 66ರ ಅಜ್ಜ, 61ರ ಅಜ್ಜಿ. ಸೂಪರ್‌ಫಾಸ್ಟ್ ರೈಲಿನ ಸ್ಲೀಪರ್ ದರ್ಜೆ. ದೂರಕ್ಕೆ ತಕ್ಕ ಮೂಲ ದರ ತಲಾ 400 ರೂಪಾಯಿ ಎಂದುಕೊಳ್ಳೋಣ. ಇದು ಲೆಕ್ಕ ಸುಲಭವಾಗಲೆಂದು ಹಿಡಿದ ಅಂಕಿ. ನಿಜವಾದ ದರ ಕಿಲೋಮೀಟರ್ ಮೇಲೆ ನಿಂತಿದೆ, ಕಾಲಕಾಲಕ್ಕೆ ಏರುತ್ತಲೂ ಇದೆ. ಉಳಿದ ಶುಲ್ಕಗಳೆಲ್ಲ ರೈಲ್ವೆ ನಿಗದಿ ಮಾಡಿದವೇ.

ಮೂಲ ದರದ ಮೇಲೆ ಮೊದಲು ಸೇರುವುದು ಕಾಯ್ದಿರಿಸುವ ಶುಲ್ಕ. ಸ್ಲೀಪರ್‌ನಲ್ಲಿ ತಲೆಗೆ 20 ರೂಪಾಯಿ, ತ್ರೀ ಟೈರ್ ಎಸಿಯಲ್ಲಿ 40, ಟೂ ಟೈರ್‌ನಲ್ಲಿ 50. ಊರು ಹತ್ತಿರವಿರಲಿ ದೂರವಿರಲಿ, ಇದು ಬದಲಾಗುವುದಿಲ್ಲ. ಎರಡನೆಯದು ಸೂಪರ್‌ಫಾಸ್ಟ್ ಶುಲ್ಕ, ಸ್ಲೀಪರ್‌ಗೆ 30, ತ್ರೀ ಟೈರ್ ಮತ್ತು ಟೂ ಟೈರ್ ಎಸಿಗೆ 45. ಬ್ರಾಡ್‌ಗೇಜ್ ಹಳಿಯಲ್ಲಿ ಹೋಗುವಾಗಲೂ ಬರುವಾಗಲೂ ಸರಾಸರಿ ಗಂಟೆಗೆ 55 ಕಿಲೋಮೀಟರ್ ಅಥವಾ ಹೆಚ್ಚು ವೇಗವಿರುವಂತೆ ವೇಳಾಪಟ್ಟಿ ಇದ್ದರೆ ಆ ರೈಲು ಸೂಪರ್‌ಫಾಸ್ಟ್. ಸಾಮಾನ್ಯವಾಗಿ ಸಂಖ್ಯೆಯಿಂದಲೇ ಗೊತ್ತಾಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ 12627, ಅದು ಸೂಪರ್‌ಫಾಸ್ಟ್. ಬೆಳಗಾವಿ ಕಡೆಯವರ ರಾಣಿ ಚೆನ್ನಮ್ಮ 16589, ಅದಕ್ಕೆ ಈ ಶುಲ್ಕ ಇಲ್ಲ. ಲೆಕ್ಕಕ್ಕೆ ಬರುವುದು ವೇಳಾಪಟ್ಟಿಯ ವೇಗ, ಆ ದಿನ ರೈಲು ಓಡಿದ ವೇಗವಲ್ಲ. ದಾರಿಯಲ್ಲಿ ಎರಡು ಗಂಟೆ ನಿಂತು ತಡವಾದರೂ ಈ 30 ರೂಪಾಯಿ ಮರಳಿ ಬರುವುದಿಲ್ಲ. ವೇಗಕ್ಕೆಂದು ಹಣ ಪಡೆದು ವೇಗ ಕೊಡದಿದ್ದರೆ ಅದನ್ನು ಹಿಂತಿರುಗಿಸುವುದೇ ನ್ಯಾಯ ಎಂದು ನನಗನ್ನಿಸುತ್ತದೆ.

ಹೀಗೆ ಪೂರ್ಣ ದರದ ಒಬ್ಬ ಪ್ರಯಾಣಿಕರಿಗೆ 400, 20, 30 ಸೇರಿ 450 ರೂಪಾಯಿ. ಗಂಡ ಹೆಂಡತಿಗೆ 900. ಮಗಳಿಗೂ 450. ಇಲ್ಲಿ ಹಲವರಿಗೆ ಗೊಂದಲ. ಮೊದಲು 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಬರ್ತ್ ಕೊಟ್ಟೂ ಅರ್ಧ ದರ ಹಿಡಿಯುತ್ತಿದ್ದರು. 2016ರ ಏಪ್ರಿಲ್‌ನಿಂದ ಅದು ಬದಲಾಯಿತು. ಮಗುವಿಗೆ ಬೇರೆ ಬರ್ತ್ ಬೇಕೆಂದರೆ ಪೂರ್ಣ ದರ, ಅಪ್ಪ ಅಮ್ಮನ ಜೊತೆಗೇ ಮಲಗಿಸಿಕೊಳ್ಳುತ್ತೇವೆ ಎಂದರೆ ಮಾತ್ರ ಅರ್ಧ. 5 ವರ್ಷದೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಟಿಕೆಟ್ಟೇ ಬೇಡ.

ಇನ್ನು ಅಜ್ಜ ಅಜ್ಜಿಯ ಟಿಕೆಟ್. 60 ತುಂಬಿದ ಗಂಡಸರಿಗೆ ಶೇ 40, 58 ತುಂಬಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಅದು ಇದ್ದ ಕಾಲದ, ಉದಾಹರಣೆಗೆ 2020ರ ಜನವರಿಯ, ಲೆಕ್ಕವನ್ನು ಮೊದಲು ಮಾಡೋಣ. ಅಜ್ಜಿಗೆ ಅರ್ಧ ದರ ಎಂದಾಗ 450ರ ಅರ್ಧ, ಅಂದರೆ 225 ಎಂದುಕೊಳ್ಳುವವರೇ ಹೆಚ್ಚು. ಆದರೆ ಟಿಕೆಟ್ ಬರುತ್ತಿದ್ದುದು 250ಕ್ಕೆ. ರಿಯಾಯಿತಿ ಮೂಲ ದರಕ್ಕೆ ಮಾತ್ರ, ಕಾಯ್ದಿರಿಸುವ ಶುಲ್ಕಕ್ಕಾಗಲಿ ಸೂಪರ್‌ಫಾಸ್ಟ್ ಶುಲ್ಕಕ್ಕಾಗಲಿ ಅನ್ವಯಿಸುತ್ತಿರಲಿಲ್ಲ. 400ರ ಅರ್ಧ 200, ಅದಕ್ಕೆ ಪೂರ್ತಿ 50. ಅಜ್ಜನಿಗೆ 400ರಲ್ಲಿ 160 ಕಳೆದು 240, ಜೊತೆಗೆ 50, ಒಟ್ಟು 290. ಐವರಿಗೆ 1,890 ರೂಪಾಯಿ. ಪ್ರಯಾಣ ಹತ್ತಿರದ್ದಾದಷ್ಟೂ ಮೂಲ ದರ ಚಿಕ್ಕದಾಗಿ, ಈ 50 ರೂಪಾಯಿ ಎದ್ದು ಕಾಣುತ್ತಿತ್ತು. ಇನ್ನೊಂದು ಮಿತಿಯೂ ಇತ್ತು, ತತ್ಕಾಲ್ ಟಿಕೆಟ್‌ಗೆ ಯಾವ ರಿಯಾಯಿತಿಯೂ ಸಿಗುತ್ತಿರಲಿಲ್ಲ.

ಕೋವಿಡ್ ಬಂದಾಗ, 2020ರ ಮಾರ್ಚ್ 20ರಿಂದ, ರೈಲ್ವೆ ಈ ರಿಯಾಯಿತಿಯನ್ನು ತಡೆಹಿಡಿಯಿತು. ಅಂಗವಿಕಲರ ಕೆಲವು ವರ್ಗ, ಕೆಲವು ಕಾಯಿಲೆಗಳ ರೋಗಿಗಳು ಮತ್ತು ವಿದ್ಯಾರ್ಥಿಗಳಿಗೆ ಮಾತ್ರ ಉಳಿಸಿಕೊಂಡಿತು. ರೈಲುಗಳೆಲ್ಲ ಮೊದಲಿನಂತೆ ಓಡತೊಡಗಿದವು, ಹಿರಿಯರ ರಿಯಾಯಿತಿ ಮಾತ್ರ ಮರಳಿ ಬರಲಿಲ್ಲ. ಸಂಸತ್ತಿನ ರೈಲ್ವೆ ಸ್ಥಾಯಿ ಸಮಿತಿ ಕಡೇಪಕ್ಷ ಸ್ಲೀಪರ್ ಮತ್ತು ತ್ರೀ ಟೈರ್ ಎಸಿಯಲ್ಲಾದರೂ ಕೊಡುವ ಬಗ್ಗೆ ಯೋಚಿಸಿ ಎಂದು ಶಿಫಾರಸು ಮಾಡಿತು. ಎಲ್ಲ ಪ್ರಯಾಣಿಕರಿಗೂ ಈಗಾಗಲೇ ಖರ್ಚಿಗಿಂತ ಕಡಿಮೆ ದರವಿದೆ ಎಂಬುದು ಸರ್ಕಾರದ ಉತ್ತರ. ಹಾಗಾಗಿ ನಮ್ಮ ಕುಟುಂಬದ ಅಜ್ಜ ಅಜ್ಜಿಗೂ ತಲಾ 450, ಐವರಿಗೆ 2,250. ಹೆಚ್ಚಾದ 360 ರೂಪಾಯಿ ಪಿಂಚಣಿ ಇಲ್ಲದ ಹಿರಿಯರಿಗೆ ಸಣ್ಣದಲ್ಲ. ಸ್ಲೀಪರ್‌ನಲ್ಲಿ ಹೋಗುವ ಹಿರಿಯರಿಗಾದರೂ ಇದನ್ನು ಮರಳಿಸಬೇಕು ಎಂಬ ಸಮಿತಿಯ ಮಾತಿಗೆ ನನ್ನ ಸಹಮತವಿದೆ.

ಆನ್‌ಲೈನ್‌ನಲ್ಲಿ ಕೊಂಡರೆ ಐಆರ್‌ಸಿಟಿಸಿಯ ಸೇವಾ ಶುಲ್ಕವೂ ಸೇರುತ್ತದೆ. 2019ರಲ್ಲಿ ನಿಗದಿಯಾದಂತೆ ಎಸಿ ಅಲ್ಲದ ದರ್ಜೆಗೆ ಯುಪಿಐ ಮೂಲಕ ಕಟ್ಟಿದರೆ 10, ಬೇರೆ ರೀತಿ ಕಟ್ಟಿದರೆ 15 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇದೊಂದು ಮಾತ್ರ ತಲೆಗಲ್ಲ, ಟಿಕೆಟ್‌ಗೆ. ಟಿಕೆಟ್ ರದ್ದು ಮಾಡಿದರೂ ಇದು ಮರಳಿ ಬರುವುದಿಲ್ಲ. ಸ್ಲೀಪರ್ ದರಕ್ಕೆ ಜಿಎಸ್‌ಟಿ ಇಲ್ಲ, ಎಸಿ ದರ್ಜೆಗಳಿಗೆ ಶೇ 5 ಇದೆ.

ಈಗ ರದ್ದತಿಗೆ ಬರೋಣ. ಅಜ್ಜನಿಗೆ ಹುಷಾರಿಲ್ಲ, ಅಜ್ಜಿ ಅವರನ್ನು ಬಿಟ್ಟು ಬರುವುದಿಲ್ಲ, ಉಳಿದ ಮೂವರು ಹೋಗಲೇಬೇಕು. ಇಡೀ ಟಿಕೆಟ್ ರದ್ದು ಮಾಡಬೇಕಾಗಿಲ್ಲ, ಆ ಇಬ್ಬರ ಹೆಸರನ್ನಷ್ಟೇ ಗುರುತು ಮಾಡಿ ರದ್ದುಗೊಳಿಸಬಹುದು. 2015ರ ನವೆಂಬರ್ 12ರಂದು ಜಾರಿಗೆ ಬಂದ ನಿಯಮದ ಪ್ರಕಾರ, ರೈಲು ಹೊರಡಲು 48 ಗಂಟೆಗಿಂತ ಹೆಚ್ಚು ಸಮಯವಿದ್ದರೆ ಕನ್ಫರ್ಮ್ ಆದ ಸ್ಲೀಪರ್ ಬರ್ತ್‌ಗೆ ತಲಾ 120 ರೂಪಾಯಿ ಮುರಿದುಕೊಳ್ಳುತ್ತಿದ್ದರು. ತ್ರೀ ಟೈರ್ ಎಸಿಗೆ 180, ಟೂ ಟೈರ್‌ಗೆ 200, ಜೊತೆಗೆ ಆ ಕಡಿತದ ಮೇಲೂ ಜಿಎಸ್‌ಟಿ. 48ರಿಂದ 12 ಗಂಟೆಯ ನಡುವೆ ರದ್ದು ಮಾಡಿದರೆ ದರದ ಶೇ 25, ಆದರೆ ಮೇಲಿನ ಮೊತ್ತಕ್ಕಿಂತ ಕಡಿಮೆ ಆಗುವಂತಿರಲಿಲ್ಲ. 12ರಿಂದ 4 ಗಂಟೆಯ ನಡುವೆ ಅರ್ಧ ದರ, ಅಲ್ಲೂ ಅದೇ ಕನಿಷ್ಠ ಮಿತಿ ಇತ್ತು. 4 ಗಂಟೆಗಿಂತ ಕಡಿಮೆ ಉಳಿದಿದ್ದರೆ ಏನೂ ಬರುತ್ತಿರಲಿಲ್ಲ.

ಆ ಕನಿಷ್ಠ ಮಿತಿಯೇ ಇಲ್ಲಿ ಮುಖ್ಯ. ಪೂರ್ಣ ದರ ಕೊಟ್ಟಿದ್ದ ಅಜ್ಜಿಯ ಟಿಕೆಟ್ಟನ್ನು ಮೂರು ದಿನ ಮೊದಲು ರದ್ದು ಮಾಡಿದರೆ 450ರಲ್ಲಿ 120 ಹೋಗಿ 330 ಬರುತ್ತಿತ್ತು. ಹಿಂದಿನ ದಿನ, 20 ಗಂಟೆ ಇರುವಾಗ ಮಾಡಿದರೆ? 450ರ ಶೇ 25 ಎಂದರೆ 112 ರೂಪಾಯಿ 50 ಪೈಸೆ, ಅದು 120ಕ್ಕಿಂತ ಕಡಿಮೆ. ಆದ್ದರಿಂದ ಆಗಲೂ 120 ರೂಪಾಯಿಯೇ ಹೋಗುತ್ತಿತ್ತು. ಇಷ್ಟು ಕಡಿಮೆ ದರದ ಸ್ಲೀಪರ್ ಟಿಕೆಟ್‌ಗೆ 48 ಗಂಟೆಯ ಗೆರೆ ದಾಟಿದರೂ ನಷ್ಟ ಹೆಚ್ಚುತ್ತಿರಲಿಲ್ಲ. ಡಾಕ್ಟರ ಮಾತು ಕೇಳುವವರೆಗೆ ಕಾಯಬಹುದಿತ್ತು. 12 ಗಂಟೆಯ ಗೆರೆಯನ್ನು ಮಾತ್ರ ಮೀರಬಾರದಿತ್ತು. ಎಸಿಯಲ್ಲಿ ದೂರ ಹೋಗುವವರಿಗೆ ಇದು ಹೊಂದುತ್ತಿರಲಿಲ್ಲ. 1,200 ರೂಪಾಯಿಯ ತ್ರೀ ಟೈರ್ ಟಿಕೆಟ್‌ಗೆ 48 ಗಂಟೆಗೆ ಮೊದಲು 180 ಹೋದರೆ, ಅದರ ನಂತರ 300 ಹೋಗುತ್ತಿತ್ತು.

ಇದೇ 120 ರೂಪಾಯಿ ರಿಯಾಯಿತಿ ಟಿಕೆಟ್ಟಿನ ಮೇಲೆ ಬೀಳುತ್ತಿದ್ದ ಬಗೆ ಬೇರೆ. 250 ಕೊಟ್ಟಿದ್ದ ಅಜ್ಜಿಗೆ ಮರಳುತ್ತಿದ್ದುದು 130. ಪೂರ್ಣ ದರದವರು ಕೊಟ್ಟದ್ದರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಕಳೆದುಕೊಂಡರೆ, ಅಜ್ಜಿ ಹತ್ತಿರಹತ್ತಿರ ಅರ್ಧ ಕಳೆದುಕೊಳ್ಳುತ್ತಿದ್ದರು. ಕೊಳ್ಳುವಾಗ ಬಿಟ್ಟುಕೊಟ್ಟ ರಿಯಾಯಿತಿ ರದ್ದು ಮಾಡುವಾಗ ನೆನಪಿಗೆ ಬರುತ್ತಿರಲಿಲ್ಲ. ಆರೋಗ್ಯದ ಕಾರಣಕ್ಕೆ ಪ್ರಯಾಣ ಬಿಡಬೇಕಾಗುವುದು ಹಿರಿಯರಿಗೇ ಹೆಚ್ಚು. ಮುಂದೆ ರಿಯಾಯಿತಿ ಮರಳಿ ಬರುವುದಾದರೆ ಈ ಕಡಿತವನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು.

ಮನೆಮಂದಿಯ ಟಿಕೆಟ್‌ನಲ್ಲಿ ಕೆಲವರದು ಕನ್ಫರ್ಮ್, ಕೆಲವರದು ವೇಟಿಂಗ್ ಲಿಸ್ಟ್ ಆಗುವುದುಂಟು. ವೇಟಿಂಗ್ ಅಥವಾ ಆರ್‌ಎಸಿ ಆದವರು ರೈಲು ಹೊರಡುವ ಅರ್ಧ ಗಂಟೆ ಮೊದಲಿನವರೆಗೂ ರದ್ದು ಮಾಡಬಹುದು, ಕಡಿತ ತಲಾ 60. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಎಂದರೆ, ಇಂಥ ಮಿಶ್ರ ಟಿಕೆಟ್ಟಿನಲ್ಲಿ ಯಾರೂ ಹೋಗದೆ ಎಲ್ಲರದೂ ರದ್ದಾದರೆ ಕನ್ಫರ್ಮ್ ಆದವರಿಗೂ ಅದೇ 60ರ ಲೆಕ್ಕ ಅನ್ವಯಿಸುತ್ತದೆ. ನಾಲ್ವರಿಗೆ ಬರ್ತ್ ಸಿಕ್ಕಿ ಅಜ್ಜನೊಬ್ಬರು ವೇಟಿಂಗ್‌ನಲ್ಲೇ ಉಳಿದು, ಅವರನ್ನು ಬಿಟ್ಟು ಹೋಗುವುದು ಬೇಡವೆಂದು ಎಲ್ಲರೂ ನಿಂತರೆ ಐವರಿಗೆ 300 ರೂಪಾಯಿ ಮಾತ್ರ ಹೋಗುತ್ತದೆ. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹತ್ತದೆ ಬಿಟ್ಟರೆ ಏನೂ ಮುರಿಯುವಂತಿಲ್ಲ. ಆದರೆ ರೈಲು ನಿಜವಾಗಿ ಹೊರಡುವ ಮುನ್ನವೇ ಆನ್‌ಲೈನ್‌ನಲ್ಲಿ ಟಿಡಿಆರ್ ಸಲ್ಲಿಸಿರಬೇಕು. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ನೀವಾಗಿ ರದ್ದು ಮಾಡಿದರೆ ಒಂದು ಪೈಸೆಯೂ ಬರುವುದಿಲ್ಲ.

ಗಂಟೆಗಳ ಈ ಗೆರೆಗಳು ಎಲ್ಲ ರೈಲಿಗೂ, ಎಲ್ಲ ಕಾಲಕ್ಕೂ ಒಂದೇ ಎಂದು ನಂಬಬೇಡಿ. 2026ರಲ್ಲಿ ಬಂದ ವಂದೇ ಭಾರತ್ ಸ್ಲೀಪರ್‌ಗೆ 72 ಗಂಟೆ ಮತ್ತು 8 ಗಂಟೆಯ ಕಠಿಣ ಗೆರೆಗಳನ್ನು ಇಟ್ಟಿದ್ದಾರೆ. ರದ್ದು ಮಾಡುವ ದಿನ, ನಿಮ್ಮ ರೈಲಿಗೆ ಜಾರಿಯಲ್ಲಿರುವ ನಿಯಮವನ್ನು ಕೌಂಟರ್‌ನಲ್ಲೋ ಐಆರ್‌ಸಿಟಿಸಿ ತಾಣದಲ್ಲೋ ನೋಡಿಕೊಳ್ಳಿ.

ರಿಯಾಯಿತಿ ಇಲ್ಲವೆಂದು ಹಿರಿಯರ ವಯಸ್ಸನ್ನು ಹೇಗೋ ಒಂದು ಬರೆದುಬಿಡುವವರಿದ್ದಾರೆ. ಹಾಗೆ ಮಾಡಬಾರದು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಈಗಲೂ ಇದೆ. ಅದು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟ್‌ಗೆ ಸಿಗುವಂಥದ್ದು. ಐವರ ಟಿಕೆಟ್‌ನಲ್ಲಿ ಅಜ್ಜ ಅಜ್ಜಿಯನ್ನು ಸೇರಿಸಿದರೆ ಆ ಅವಕಾಶ ಕೈತಪ್ಪುತ್ತದೆ. ಅವರಿಬ್ಬರದು ಬೇರೆ ಪಿಎನ್‌ಆರ್ ಮಾಡಿಸಿದರೆ ಹೆಚ್ಚುವ ಖರ್ಚು ಎರಡನೆಯ ಸೇವಾ ಶುಲ್ಕ ಮಾತ್ರ, ಯುಪಿಐನಲ್ಲಿ ಜಿಎಸ್‌ಟಿ ಸೇರಿ 11 ರೂಪಾಯಿ 80 ಪೈಸೆ. ಉಳಿದವರ ಬರ್ತ್ ಬೇರೆ ಬೋಗಿಗೆ ಹೋಗಬಹುದು. ರಾತ್ರಿ ಅವರಿಗೆ ಯಾರದಾದರೂ ಸಹಾಯ ಬೇಕಾಗುತ್ತದೆಯೇ ಎಂಬುದನ್ನು ಮನೆಯವರೇ ತೂಗಿ ನೋಡಬೇಕು.