ಅಲಾಯ್ ವೀಲ್ ಕೊಳ್ಳುವ ಮುನ್ನ

ಕೆಜಿಎಫ್, ಬಂಗಾರಪೇಟೆಯ ಕಾರಿನವರು ಸೆಕೆಂಡ್‌ಹ್ಯಾಂಡ್ ಅಲಾಯ್ ವೀಲ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದುಂಟು. ಅಲ್ಲಿ ಕಣ್ಣು ಡಿಸೈನಿನ ಮೇಲೆ ಬೀಳುತ್ತದೆ. ನೋಡಬೇಕಾದದ್ದು ವೀಲ್‌ನ ಹಿಂಬದಿ.

ನಟ್ ಕೂರುವ ತೂತುಗಳ ನಡುಮಧ್ಯದ ಮೂಲಕ ಹಾಯುವ ವೃತ್ತದ ವ್ಯಾಸವೇ ಪಿಸಿಡಿ. ಮಾರುತಿ ಸ್ವಿಫ್ಟ್‌ಗೆ ನಾಲ್ಕು ತೂತು, 100 ಮಿ.ಮೀ. ಫೋರ್ಡ್ ಫಿಗೋಗೂ ನಾಲ್ಕೇ, ಆದರೆ 108 ಮಿ.ಮೀ. ಇವೆರಡನ್ನು ಅದಲು ಬದಲು ಮಾಡಲು ಹೋದರೆ ವೀಲ್ ಕೂರುವುದೇ ಇಲ್ಲ, ಹಾಗಾಗಿ ಅಪಾಯವಿಲ್ಲ. ಅಪಾಯವಿರುವುದು ಹಳೆಯ ಫಿಯೆಟ್ ಪಾಲಿಯೋದಂಥ ಕಾರಿನಲ್ಲಿ. ಅದರದು 98 ಮಿ.ಮೀ. ಮಧ್ಯದ ತೂತು ದೊಡ್ಡದಾಗಿರುವ 100ರ ಅಲಾಯ್ ವೀಲನ್ನು ಅದಕ್ಕೆ ಬಿಗಿದರೆ ಒತ್ತಡಕ್ಕೆ ಕೂತುಬಿಡುತ್ತದೆ. ಆದರೆ ಪ್ರತಿ ಬೋಲ್ಟೂ ತನ್ನ ಜಾಗದಿಂದ 1 ಮಿ.ಮೀ. ಸರಿದು, ಒಂದೇ ಬದಿಗೆ ಒತ್ತಿಕೊಂಡಿರುತ್ತದೆ. ವೇಗದಲ್ಲಿ ಸ್ಟೀರಿಂಗ್ ನಡುಗುವುದು, ಬಿಗಿದ ಬೋಲ್ಟ್ ಮತ್ತೆ ಮತ್ತೆ ಸಡಿಲವಾಗುವುದು ಇದರ ಗುರುತು. ನಾಲ್ಕು ತೂತಿನ ವೀಲ್‌ನಲ್ಲಿ ಎದುರುಬದುರಿನ ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಪಿಸಿಡಿ ಸಿಗುತ್ತದೆ. ಐದು ತೂತಿದ್ದರೆ ಪಕ್ಕಪಕ್ಕದ ಎರಡರ ಅಂತರವನ್ನು 1.7ರಿಂದ ಗುಣಿಸಿ.

ಇನ್ನು ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಯಿಂದ, ಹಬ್‌ಗೆ ತಾಗುವ ಮುಖ ಎಷ್ಟು ಹೊರಕ್ಕಿದೆ ಎಂಬ ಅಳತೆ ಇದು. ವೀಲ್‌ನ ಹಿಂದೆ ‘ಇಟಿ 45’ ಎಂದು ಇಂಗ್ಲಿಷ್‌ನಲ್ಲಿ ಅಚ್ಚಾಗಿದ್ದರೆ 45 ಮಿ.ಮೀ. ಎಂದರ್ಥ. ಕಾರಿನಲ್ಲಿ 5 ಇಂಚು ಅಗಲದ, ಇಟಿ 45ರ ಸ್ಟೀಲ್ ರಿಮ್ ಇದೆ ಎನ್ನೋಣ. ಅಗಲದ ಅರ್ಧ 63.5 ಮಿ.ಮೀ, 45 ಕಳೆದರೆ ಹಬ್‌ನಿಂದ ಹೊರಗೆ ಚಾಚುವುದು 18.5. ನೀವು ಮೆಚ್ಚಿದ ಅಲಾಯ್ 6 ಇಂಚಿನದು, ಇಟಿ 35. ಅರ್ಧ 76.2, ಕಳೆದರೆ 41.2. ಅಂದರೆ ವೀಲ್ ಸುಮಾರು 23 ಮಿ.ಮೀ. ಹೊರಬರುತ್ತದೆ. ಕಾರು ಖಾಲಿಯಿದ್ದಾಗ ಏನೂ ತಿಳಿಯದು. ಹಿಂದೆ ಮೂವರು ಕೂತು ಹಳ್ಳಕ್ಕೆ ಇಳಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ. ಇಟಿ ತೀರಾ ಹೆಚ್ಚಾದರೆ ತದ್ವಿರುದ್ಧ: ಟೈರ್ ಒಳಗೆ ಶಾಕ್‌ಅಬ್ಸಾರ್ಬರ್‌ಗೆ ತಾಗುತ್ತದೆ.

ಗುಂಡಿಗೆ ಬಿದ್ದರೆ ಸ್ಟೀಲ್ ರಿಮ್ ಬಾಗುತ್ತದೆ. ಟೈರ್ ಅಂಗಡಿಯಲ್ಲಿ ಬೆಂಡ್ ತೆಗೆಸಬಹುದು. ಅಲಾಯ್ ಅದೇ ಏಟಿಗೆ ಬಿರಿಯಬಹುದು, ಅದೂ ಒಳ ಅಂಚಿನಲ್ಲಿ, ವೀಲ್ ಕಳಚದೆ ಕಾಣದ ಕಡೆ. ಮೊಳೆ ಚುಚ್ಚದೆಯೂ ಗಾಳಿ ಇಳಿಯುತ್ತಿದ್ದರೆ ಅಲ್ಲಿ ಹುಡುಕಿ. ಬಿರಿದದ್ದನ್ನು ವೆಲ್ಡ್ ಮಾಡಿಸಿ ಓಡಿಸಬೇಡಿ, ಬದಲಿಸಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗಲೂ ಅಂಚನ್ನು ಒರೆಸಿ ನೋಡಿ. ಬಣ್ಣ ಬಳಿದು ವೆಲ್ಡಿಂಗ್ ಮುಚ್ಚಿರಬಹುದು.

ಊರೊಳಗಿನ ಹಾಳು ರಸ್ತೆಯಲ್ಲೇ ಓಡಾಡುವವರಿಗೆ ಸ್ಟೀಲೇ ಲೇಸು ಎಂಬುದು ನನ್ನ ಅಭಿಪ್ರಾಯ. ಅಲಾಯ್ ಹಾಕಿಸಿದರೆ ಅದಕ್ಕೆ ಹೊಂದುವ ನಟ್‌ಗಳನ್ನೇ ಹಾಕಿಸಿ, ಜೆ.ಸಿ. ರಸ್ತೆಯಿಂದ ಬಂಗಾರಪೇಟೆ ತಲುಪಿದ ಮೇಲೆ ಎಲ್ಲವನ್ನೂ ಒಮ್ಮೆ ಮತ್ತೆ ಬಿಗಿಸಿಕೊಳ್ಳಿ.