ಸೆಖೆಯ ಸಂಜೆ, ಅವಸರದ ಜೀರುಂಡೆ

ಸಾವಳಗಿಯ ಹೊಲದ ಬದುವಿನಲ್ಲಿ ಸೆಖೆಯ ಸಂಜೆ ಕೇಳುವ ಜೀರುಂಡೆಯ ದನಿ ಮಾಗಿಯ ರಾತ್ರಿಯದಕ್ಕಿಂತ ಚುರುಕಾಗಿರುವುದನ್ನು ಗಮನಿಸಿದ್ದೇನೆ. ಈ ಕೀಟದ ಮೈಬಿಸಿ ಸುತ್ತಲಿನ ಗಾಳಿಯನ್ನೇ ಅನುಸರಿಸುತ್ತದೆ. ಗಾಳಿ ಕಾದಂತೆ ಸ್ನಾಯುಗಳೊಳಗಿನ ರಾಸಾಯನಿಕ ಕ್ರಿಯೆ ತೀವ್ರಗೊಂಡು, ಒಂದು ರೆಕ್ಕೆಯ ಹಲ್ಲುಸಾಲನ್ನು ಇನ್ನೊಂದರ ಅಂಚು ಬೇಗಬೇಗನೆ ಉಜ್ಜುತ್ತದೆ. 1897ರಲ್ಲಿ ಅಮೆರಿಕದ ಆಮೋಸ್ ಡಾಲ್ಬೇರ್ ಇದಕ್ಕೊಂದು ಸೂತ್ರವನ್ನೇ ಕೊಟ್ಟರು. ಅದರಂತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಮಿಷಕ್ಕೆ 112 ಕೂಗು, 25ರಲ್ಲಿ 148. ಅದು ಅಲ್ಲಿನ ಹುಳುವಿನ ಲೆಕ್ಕ. ನಮ್ಮೂರಿನದನ್ನು ಅದರಿಂದ ಅಳೆಯಲಾಗದು.

ಹಾಡುವುದು ಗಂಡು, ಹೆಣ್ಣನ್ನು ಕರೆಯಲು. ತನ್ನ ಜಾತಿಯವನೆಂದು ಹೆಣ್ಣು ಗುರುತಿಸುವುದೂ ಆ ಹಾಡಿನಿಂದಲೇ. ಸೆಖೆಗೆ ಹಾಡೇ ಬದಲಾದರೆ ಗುರುತು ಹೇಗೆ? ಸೂತ್ರಕ್ಕಿಂತ ಈ ಪ್ರಶ್ನೆಯೇ ನನಗೆ ಸ್ವಾರಸ್ಯದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಪೊದೆಗಳಲ್ಲಿ ಹಾಡುವ ಈಕ್ಯಾಂತಸ್ ಹೆನ್ರಿಯೈ ಎಂಬ ಜೀರುಂಡೆಯನ್ನು ಪರೀಕ್ಷಿಸಿ 2011ರಲ್ಲಿ ಒಂದು ಉತ್ತರ ಪ್ರಕಟಿಸಿದರು. ಬಿಸಿ ಏರಿದಂತೆ ಇದರ ಸ್ವರವೂ ಏರುತ್ತದೆ. ಆದರೆ ಹೆಣ್ಣಿನ ಮುಂಗಾಲಿನಲ್ಲಿರುವ ಕಿವಿ ಒಂದೇ ಸ್ವರಕ್ಕೆ ಶ್ರುತಿಗೊಂಡುದಲ್ಲ. ಏರಿಳಿಯುವ ಅಷ್ಟೂ ಸ್ವರಗಳಿಗೆ ಅದು ತೆರೆದಿದೆ. ಇನ್ನು ಲಯದ ಮಾತು. ಬೇರೆ ಕೆಲವು ಜಾತಿಗಳಲ್ಲಿ ಬಿಸಿಗೆ ತಕ್ಕಂತೆ ಹೆಣ್ಣಿನ ಒಲವೂ ಸರಿಯುತ್ತದೆ: ಸೆಖೆಯಲ್ಲಿರುವುದು ಚುರುಕು ಹಾಡಿನತ್ತ, ತಂಪಿನಲ್ಲಿರುವುದು ನಿಧಾನದ ಹಾಡಿನತ್ತ ನಡೆಯುತ್ತದೆ.